ಅಪ್ಪಯ್ಯ, ಕೆಂಪು ಪರದೆ ಬಂದರೆ

ಅಡಿಕೆ ಧಾರಣೆ ನೋಡುವಾಗ ಪರದೆ ತುಂಬ "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದು ಕೂಗಿಕೊಂಡರೆ ಗಾಬರಿ ಬೇಡ. ಅದು ಬರೀ ಒಂದು ವೆಬ್ ಪುಟ. ಲ್ಯಾಪ್‌ಟಾಪಿನೊಳಗೆ ವೈರಸ್ ಹುಡುಕೋಕೆ ಅದಕ್ಕೆ ಬರೋದೇ ಇಲ್ಲ. ಮೈಕ್ರೋಸಾಫ್ಟ್ ಹೆಸರಿದ್ದರೂ ಸುಳ್ಳೇ. ಅವರ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದಿಲ್ಲ.

ಅದರೊಳಗೆ ಏನನ್ನೂ ಒತ್ತಬೇಡಿ, ಮುಚ್ಚುವ X ಗುರುತು ಕೂಡ ನಕಲಿ ಇರಬಹುದು. Esc ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ Alt ಹಿಡಿದುಕೊಂಡು F4. ಹೋಗದಿದ್ದರೆ ಪವರ್ ಬಟನ್ನನ್ನು ಆರುವವರೆಗೂ ಒತ್ತಿ ಹಿಡಿಯಿರಿ. ಮತ್ತೆ ತೆರೆದಾಗ Restore ಅಂದರೆ ಬೇಡ, ಅದೇ ಪುಟ ವಾಪಸ್ ಬರುತ್ತೆ.

ಆ ನಂಬರಿಗೆ ಫೋನ್ ಮಾಡಿ, ಅಲ್ಲಿನವರು ಹೇಳಿದ ಆ್ಯಪ್ ಹಾಕಿಬಿಟ್ಟಿದ್ದರೆ ವೈಫೈ ಆರಿಸಿ ನಂಗೆ ಫೋನ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ.