ಅಪ್ಪ ಅಮ್ಮನ ಅಮೆರಿಕ ವೀಸಾ ಅಪಾಯಿಂಟ್‌ಮೆಂಟ್: ಏನು ಮಾಡಬೇಕು, ಏನು ತಗೊಂಡು ಹೋಗಬೇಕು

ಅಪ್ಪಾ, ಅಮ್ಮಾ,

ಇಂಗ್ಲಿಷ್‌ನಲ್ಲಿ ಬಂದ ಸೂಚನೆ ಓದಿ ತಲೆಕೆಟ್ಟಿತು ಅಂದ್ರಲ್ಲ, ಅದನ್ನೇ ಕನ್ನಡಕ್ಕೆ ಮಾಡಿ ಕಳಿಸಿದ್ದೇನೆ. ನಡುನಡುವೆ ನನ್ನ ಮಾತೂ ಸೇರಿದೆ. ಸಾಗರದಲ್ಲೇ ಎರಡು ಪ್ರಿಂಟ್ ತೆಗೆಸಿ ಇಟ್ಕೊಳ್ಳಿ.

ಮೊದಲನೆಯದಾಗಿ, ಇದು ಒಂದಲ್ಲ, ಎರಡು ಅಪಾಯಿಂಟ್‌ಮೆಂಟ್. ಊರೂ ಬೇರೆ ಬೇರೆ.

ಒಂದು: ಬೆಂಗಳೂರು, ಮಾರ್ಚ್ 9, ಸೋಮವಾರ, ಬೆಳಿಗ್ಗೆ 10:30

ಇಲ್ಲಿ ಯಾರೂ ಪ್ರಶ್ನೆ ಕೇಳೋದಿಲ್ಲ. ವೀಸಾ ಅರ್ಜಿ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತಗೊಳ್ಳುತ್ತಾರೆ, ಒಂದು ಫೋಟೋ ತೆಗೀತಾರೆ, ಅಷ್ಟೇ. ಹೇಳಿದ ಸಮಯಕ್ಕೆ 15 ನಿಮಿಷ ಮೊದಲು ಹೋದರೆ ಸಾಕು. ಫೋಟೋ ತೆಗೆಯುವಾಗ ಕನ್ನಡಕ ತೆಗೀಬೇಕು.

ಬೆರಳಲ್ಲಿ ಗಾಯ ಇದ್ದರೆ ಗುರುತು ಸರಿಯಾಗಿ ಬರೋದಿಲ್ಲ, ಇನ್ನೊಂದು ದಿನ ಬನ್ನಿ ಅನ್ನಬಹುದು. ಅಮ್ಮಾ, ಆ ವಾರ ಈಳಿಗೆಮಣೆ ಹತ್ತಿರ ಸುಳಿಯಬೇಡ, ಕಾಯಿ ತುರಿಯೋ ಕೆಲಸ ಅಪ್ಪನಿಗೆ... ಬೇಡ, ಅವರ ಬೆರಳೂ ಬೇಕಲ್ವಾ. ಪಕ್ಕದ ಮನೆಯವರನ್ನು ಕೇಳಿ.

ಎರಡು: ಚೆನ್ನೈ, ಮಾರ್ಚ್ 12, ಗುರುವಾರ, ಬೆಳಿಗ್ಗೆ 9:00

ಸಂದರ್ಶನ ಇರೋದು ಇಲ್ಲಿ. ಅಮೆರಿಕನ್ ಕಾನ್ಸುಲೇಟ್, ಅಣ್ಣಾ ಸಾಲೈ. ಆಟೋದವರಿಗೆ ಜೆಮಿನಿ ಫ್ಲೈಓವರ್ ಅಂದರೆ ತಕ್ಷಣ ಗೊತ್ತಾಗುತ್ತೆ. ಬುಧವಾರ ಬೆಳಿಗ್ಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ, ಅವತ್ತು ರಾತ್ರಿ ಅಲ್ಲೇ ಉಳಿಯಿರಿ.

ಒಳಗೆ ಬಿಡೋದು ಅಪಾಯಿಂಟ್‌ಮೆಂಟ್ ಇದ್ದವರನ್ನು ಮಾತ್ರ. ಭಾವ ಜೊತೆಗೆ ಬಂದರೂ ಹೊರಗೇ ನಿಲ್ಲಬೇಕು. ಹಾಗಾಗಿ ನಿಮ್ಮ ಫೋನು, ಬ್ಯಾಗು ಎಲ್ಲ ಅವರ ಕೈಗೆ ಕೊಡಿ. ಒಳಗೆ ಅವನ್ನು ಇಟ್ಟುಕೊಳ್ಳೋ ವ್ಯವಸ್ಥೆ ಇಲ್ಲ.

ಇವು ಬೇಡವೇ ಬೇಡ: ಮೊಬೈಲು, ಸ್ಮಾರ್ಟ್ ವಾಚು, ಪೆನ್‌ಡ್ರೈವ್, ದೊಡ್ಡ ಚೀಲ, ತಿಂಡಿ, ಬೆಂಕಿಪೊಟ್ಟಣ, ಅಂಟಿಸಿ ಮುಚ್ಚಿದ ಕವರ್, ಚೂಪಾದ ಯಾವುದೇ ಸಾಮಾನು. ಅಪ್ಪಾ, ಆ ಕೊನೆಯದು ನಿಮ್ಮ ಎಲೆಅಡಿಕೆ ಚೀಲದಲ್ಲಿರೋ ಅಡಕತ್ತರಿಗೂ ಸೇರಿ! ಚೀಲಾನೇ ಹೋಟೆಲಲ್ಲಿ ಬಿಟ್ಟು ಹೋಗಿ. ಬಿಪಿ ಮಾತ್ರೆ ತಿಂಡಿ ತಿಂದ ಮೇಲೆ ಅಲ್ಲೇ ತಗೊಂಡು ಹೊರಡಿ.

ಕಡ್ಡಾಯವಾಗಿ ಬೇಕಾದ್ದು (ಇಬ್ಬರಿಗೂ ಬೇರೆ ಬೇರೆ ಫೈಲ್, ಎರಡೂ ಕಡೆ ಒಯ್ಯಿರಿ)

☐ ಈಗಿನ ಪಾಸ್‌ಪೋರ್ಟ್, ಒರಿಜಿನಲ್
☐ ಅಮ್ಮನ ಹಳೆಯ ಪಾಸ್‌ಪೋರ್ಟ್, ದುಬೈಗೆ ಹೋಗಿದ್ದು. ಬೀರುವಿನಲ್ಲಿ ಸೀರೆ ಕೆಳಗಿದೆ ಅಂತ ನೀನೇ ಹೇಳಿದ್ದೆ
☐ DS-160 ಅನ್ನೋ ವೀಸಾ ಅರ್ಜಿಯ ದೃಢೀಕರಣ ಪುಟ. ಬಾರ್‌ಕೋಡ್ ಸ್ಪಷ್ಟವಾಗಿ ಬಂದಿರಬೇಕು, ಲೇಸರ್ ಪ್ರಿಂಟೇ ಮಾಡಿಸಿ
☐ ಅಪಾಯಿಂಟ್‌ಮೆಂಟ್ ಪತ್ರ. ಇದರಲ್ಲಿರೋ DS-160 ನಂಬರು ಮೇಲಿನ ಪುಟದ ನಂಬರಿಗೆ ಸರಿಹೊಂದಬೇಕು, ಒಮ್ಮೆ ತಾಳೆ ನೋಡಿ
☐ ಫೋಟೋ ಒಂದೆರಡು, 2 ಇಂಚು × 2 ಇಂಚು, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದ್ದು. ಸ್ಟುಡಿಯೋದವರಿಗೆ ಅಮೆರಿಕ ವೀಸಾ ಸೈಜ್ ಅನ್ನಿ, ಪಾಸ್‌ಪೋರ್ಟ್ ಸೈಜ್ ಅನ್ನಬೇಡಿ

ಅಮ್ಮನ ಪುಟದಲ್ಲಿ FNU ಅಂತ ಇರೋದು ನೋಡಿ ಹೆದರಬೇಡಿ. ಪಾಸ್‌ಪೋರ್ಟಲ್ಲಿ ಅವಳಿಗೆ ಸರ್‌ನೇಮ್ ಇಲ್ಲ, ಖಾಲಿ. ಹಾಗಿದ್ದಾಗ ಇರೋ ಹೆಸರನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ FNU, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬರೀತಾರೆ. ತಪ್ಪಲ್ಲ ಅದು.

ಕೇಳಿದರೆ ಮಾತ್ರ ತೋರಿಸೋದು (ಚೆನ್ನೈಗೆ)

☐ ಅಪ್ಪನ ಪಿಂಚಣಿ ಆದೇಶ
☐ ತೋಟದ ಪಹಣಿ, ಮನೆ ಕಂದಾಯದ ರಸೀದಿ
☐ ಬ್ಯಾಂಕ್ ಸ್ಟೇಟ್‌ಮೆಂಟ್, 6 ತಿಂಗಳದ್ದು
☐ ನಿಮ್ಮ ಮದುವೆ ಸರ್ಟಿಫಿಕೇಟ್
☐ ನಾನು ಬರೆದ ಆಹ್ವಾನ ಪತ್ರ, ನನ್ನ ಪಾಸ್‌ಪೋರ್ಟ್, ವೀಸಾ, ಸಂಬಳದ ಚೀಟಿಯ ನಕಲು

ಇವನ್ನು ತಾವಾಗಿಯೇ ಗಾಜಿನ ಕಿಂಡಿಯೊಳಗೆ ತುರುಕಬೇಡಿ. ಎಷ್ಟೋ ಸಲ ಒಂದನ್ನೂ ನೋಡೋದಿಲ್ಲ. ಇದು ಪ್ರವಾಸದ B1/B2 ವೀಸಾ, ನೀವು ವಾಪಸ್ ಬರ್ತೀರಾ ಅನ್ನೋದೇ ಅವರಿಗೆ ಮುಖ್ಯ. ಯಾರ ಮನೆಗೆ, ಎಷ್ಟು ದಿನ, ಖರ್ಚು ಯಾರದ್ದು, ಊರಲ್ಲಿ ಏನಿದೆ, ಸಾಮಾನ್ಯವಾಗಿ ಇಂಥವನ್ನೇ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ: ಮಗನ ಮನೆಗೆ, ಒಹಾಯೋದ ಕೊಲಂಬಸ್, ಮೊಮ್ಮಗಳ ಮೊದಲ ಹುಟ್ಟುಹಬ್ಬ, 3 ತಿಂಗಳು, ಅಡಿಕೆ ಕೊಯ್ಲಿನ ಹೊತ್ತಿಗೆ ವಾಪಸ್. ಕನ್ನಡದಲ್ಲಿ ಮಾತಾಡ್ತೀವಿ ಅಂತ ಶುರುವಿನಲ್ಲೇ ಕೇಳಿ ನೋಡಿ. ಅಪ್ಪಾ, ಕೇಳಿದ್ದಕ್ಕಷ್ಟೇ ಉತ್ತರ. ಕ್ಲಾಸ್ ತಗೋಬೇಡಿ.

ವೀಸಾ ಸಿಕ್ಕರೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಅವರೇ ಇಟ್ಕೊಳ್ಳುತ್ತಾರೆ, ಗಾಬರಿ ಬೇಡ. ಯಾವುದಾದರೂ ಚೀಟಿ ಕೊಟ್ಟರೆ ಮಡಚದೆ ಫೈಲಲ್ಲಿಟ್ಟು, ಹೊರಗೆ ಬಂದ ಕೂಡಲೇ ಭಾವನ ಫೋನಿಂದ ಅದರ ಫೋಟೋ ಕಳಿಸಿ. ಇಲ್ಲಿ ಆಗ ಮಧ್ಯರಾತ್ರಿ, ಆದರೂ ನಾನು ಎದ್ದೇ ಇರ್ತೀನಿ.