ಮನೆ ಕಟ್ಟುವ ಕರಾರಿನ 8, 9 ಮತ್ತು 10ನೇ ಕಲಮು, ಕನ್ನಡದಲ್ಲಿ

ಸಹಿಗೆ ಮೊದಲು ಮಾಲೀಕರೂ ಕಂಟ್ರಾಕ್ಟರೂ ಒಟ್ಟಿಗೆ ಕೂತು ಓದಲಿ ಅಂತ ಸರಳವಾಗಿ ಬರೆದಿದ್ದೇನೆ. ಕಂಸದಲ್ಲಿರುವುದು ನನ್ನ ಮಾತು, ಕರಾರಿನ ಭಾಗ ಅಲ್ಲ.

8. ತಡ

8.1 ಜಾಗ ಕೈಗೆ ಬಂದ ದಿನದಿಂದ 40 ವಾರದೊಳಗೆ ಕಂಟ್ರಾಕ್ಟರ್ ಎರಡು ಮಹಡಿಯ ಮನೆಯನ್ನು ಮುಗಿಸಲೇಬೇಕು. (‘ಮುಗಿಸತಕ್ಕದ್ದು’ ಅಂತ ಬರೆಯುವುದು ರೂಢಿ. ಆದರೆ ಈ ‘ಲೇಬೇಕು’ವಿನ ಬಿಗಿ ಅದರಲ್ಲಿ ನನಗೆ ಕೇಳಿಸುವುದಿಲ್ಲ.)

8.2 ಮಾಲೀಕರು ಜಾಗವನ್ನೋ ನಕ್ಷೆಯನ್ನೋ ತಡವಾಗಿ ಕೊಟ್ಟರೆ, 9ನೇ ಕಲಮಿನಂತೆ ಕೆಲಸ ಬದಲಾದರೆ, ಅಥವಾ ಪ್ರವಾಹ, ಭೂಕಂಪದಂಥ ಯಾರ ಕೈಯಲ್ಲೂ ಇಲ್ಲದ್ದು ಬಂದರೆ, ಅದರಿಂದ ಕೆಲಸ ಮುಗಿಯುವುದು ಎಷ್ಟು ದಿನ ಮುಂದೆ ಹೋಗುತ್ತದೋ ಅಷ್ಟು ದಿನ ಕಂಟ್ರಾಕ್ಟರಿಗೆ ಜಾಸ್ತಿ ಸಿಗುತ್ತದೆ.

8.3 ಕಾರಣ ಗೊತ್ತಾದ 14 ದಿನದೊಳಗೆ ಕಂಟ್ರಾಕ್ಟರ್ ಇಂಜಿನಿಯರಿಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಆ ಕಾರಣಕ್ಕೆ ದಿನ ಕೇಳುವ ಹಕ್ಕು ಹೋಗುತ್ತದೆ. (ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಜಗಳ ಶುರುವಾಗುವುದೇ ಇಲ್ಲಿ.)

8.4 ಒಂದೇ ಹೊತ್ತಿನಲ್ಲಿ ಇಬ್ಬರ ಕಡೆಯಿಂದಲೂ ತಡವಾದರೆ ಕಂಟ್ರಾಕ್ಟರಿಗೆ ದಿನ ಸಿಗುತ್ತದೆ, ಹಣ ಸಿಗುವುದಿಲ್ಲ.

9. ಕೆಲಸದ ಬದಲಾವಣೆ

(ಇದನ್ನು ‘ಹೆಚ್ಚುವರಿ ಕೆಲಸ’ ಅಂತ ಬರೆದರೆ ತಪ್ಪಾಗುತ್ತದೆ. ಇಂಗ್ಲಿಷಿನ ‘ವೇರಿಯೇಷನ್’ ಅಂದರೆ ಸೇರಿಸುವುದೂ ಹೌದು, ತೆಗೆಯುವುದೂ ಹೌದು.)

9.1 ಇಂಜಿನಿಯರ್ ಬರೆದು ಕೊಟ್ಟ ಆದೇಶ ಇದ್ದರೆ ಮಾತ್ರ ಕೆಲಸ ಸೇರಿಸಬಹುದು, ತೆಗೆಯಬಹುದು ಅಥವಾ ಬದಲಿಸಬಹುದು. ಆದೇಶವಿಲ್ಲದೆ ಮಾಡಿದ್ದಕ್ಕೆ ಹಣವಿಲ್ಲ.

9.2 ಕರಾರಿನ ದರಪಟ್ಟಿಯಲ್ಲಿ ಆ ಕೆಲಸ ಇದ್ದರೆ ಅದೇ ದರ. ಇಲ್ಲದಿದ್ದರೆ ಅದಕ್ಕೆ ಹತ್ತಿರದ ಕೆಲಸದ ದರ. ಅದೂ ಇಲ್ಲದಿದ್ದರೆ ನಿಜವಾಗಿ ಆದ ಖರ್ಚು, ಮೇಲೆ ಶೇಕಡಾ 15.

9.3 ಬೇರೆಯವರ ಕೈಯಲ್ಲಿ ಮಾಡಿಸಲೆಂದು ಮಾಲೀಕರು ಯಾವ ಕೆಲಸವನ್ನೂ ತೆಗೆಯುವಂತಿಲ್ಲ.

10. ತಡಕ್ಕೆ ಮೊದಲೇ ಗೊತ್ತುಮಾಡಿದ ಪರಿಹಾರ

(‘ದಂಡ’ ಅಂತ ಬರೆಯಿರಿ ಸಾಕು ಅಂತ ಕೆಲವರು ಅಂದರು, ನಾನು ಒಪ್ಪಲಿಲ್ಲ. ದಂಡ ಹೆದರಿಸಲು ಹಾಕುವುದು, ಇದು ಆಗಬಹುದಾದ ನಷ್ಟವನ್ನು ಇಬ್ಬರೂ ಮೊದಲೇ ಅಂದಾಜು ಮಾಡಿ ಒಪ್ಪಿಕೊಂಡ ಮೊತ್ತ. ಇಂಗ್ಲೆಂಡಿನ ಕಾನೂನಿನಲ್ಲಂತೂ ಬರೀ ದಂಡ ಅನ್ನಿಸಿಕೊಂಡ ಕಲಮು ನಡೆಯುವುದೇ ಇಲ್ಲ. ಅಲ್ಲಿ ಹೆಸರಿಗಿಂತ ಹುರುಳು ಮುಖ್ಯ, ನಿಜ, ಆದರೂ ನಾವೇ ಸುಮ್ನೆ ತಪ್ಪು ಹೆಸರು ಯಾಕಿಡಬೇಕು?)

10.1 8.2 ಮತ್ತು 8.4ರಲ್ಲಿ ಸಿಕ್ಕ ದಿನಗಳನ್ನು ಸೇರಿಸಿದ ಮೇಲೂ ಕೆಲಸ ಮುಗಿಯದಿದ್ದರೆ, ತಡವಾದ ಪ್ರತಿ ವಾರಕ್ಕೆ ಕರಾರಿನ ಮೊತ್ತದ ಶೇಕಡಾ 0.5ರಷ್ಟನ್ನು ಕಂಟ್ರಾಕ್ಟರ್ ಮಾಲೀಕರಿಗೆ ಕೊಡಬೇಕು. ವಾರ ತುಂಬದಿದ್ದರೆ ದಿನದ ಲೆಕ್ಕ.

10.2 ಒಟ್ಟು ಪರಿಹಾರ ಕರಾರಿನ ಮೊತ್ತದ ಶೇಕಡಾ 10 ದಾಟುವಂತಿಲ್ಲ. (ಅಂದರೆ 20 ವಾರಕ್ಕೆ ಮಿತಿ ಮುಟ್ಟುತ್ತದೆ.)

10.3 ಈ ಹಣವನ್ನು ಮಾಲೀಕರು ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಎಷ್ಟು ನಷ್ಟವಾಯಿತು ಅಂತ ತೋರಿಸಬೇಕಿಲ್ಲ. ಆದರೆ ತಡಕ್ಕಾಗಿ ಬೇರೆ ಪರಿಹಾರ ಕೇಳುವಂತಿಲ್ಲ.

10.4 ಪರಿಹಾರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಸುವ ಹೊಣೆ ತಪ್ಪುವುದಿಲ್ಲ.