‘ಬಾಬುಲ್ ಮೋರಾ’ ಪಲ್ಲವಿ, ಕನ್ನಡದಲ್ಲಿ ಹಾಡೋಕೆ

ಶನಿವಾರದ ಬೈಠಕ್‌ಗೆ ಕೇಳಿದ್ರಲ್ಲ, ತಗೊಳ್ಳಿ. ಧಾಟಿ 1938ರ ‘ಸ್ಟ್ರೀಟ್ ಸಿಂಗರ್’ ಸಿನಿಮಾದಲ್ಲಿ ಸೈಗಲ್ ಹಾಡಿದ್ದೇ, ಭೈರವಿ.

ಮೂಲ:

ಬಾಬುಲ್ ಮೋರಾ ನೈಹರ್ ಛೂಟೋ ಹೀ ಜಾಯೇ
ಚಾರ್ ಕಹಾರ್ ಮಿಲ್ ಮೋರೀ ಡೋಲಿಯಾ ಸಜಾವೇಂ
ಮೋರಾ ಅಪ್‌ನಾ ಬೇಗಾನಾ ಛೂಟೋ ಜಾಯೇ

ಕನ್ನಡ:

ಅಪ್ಪಾ ನನ್ನಾ ತವರೂ ದೂರಾಗೇ ಹೋಯ್ತೂ
ನಾಕು ಬೋಯರು ಕೂಡಿ ನನ್ನಾ ಮೇನೆಯಾ ಸಿಂಗರಿಸೆ
ಎಲ್ಲಾ ನಮ್ಮೋರ್ ಬೇರೇಯೋರ್ ದೂರಾದ್ರಲ್ಲಾ
ಅಪ್ಪಾ ನನ್ನಾ ತವರೂ ದೂರಾಗೇ ಹೋಯ್ತೂ

ಮೊದಲ ಸಾಲು 22 ಮಾತ್ರೆ, ಮೂಲದಲ್ಲೂ ಅಷ್ಟೇ. ಬಾಬುಲ್ ಜಾಗಕ್ಕೆ ಅಪ್ಪಾ, ಮೋರಾ ಜಾಗಕ್ಕೆ ನನ್ನಾ, ‘ಹೀ’ ಅಂತ ಒತ್ತೋ ಕಡೆ ‘ಗೇ’ ಬರುತ್ತೆ. ಸೈಗಲ್ ‘ಜಾ’ ಮೇಲೆ ನಿಲ್ತಾರಲ್ಲ, ನೀವು ‘ಹೋ’ ಮೇಲೆ ನಿಲ್ಲಿ, ಎಷ್ಟು ಬೇಕೋ ಅಷ್ಟು ಎಳೆದು ಆಮೇಲೆ ‘ಯ್ತೂ’ ಅಂತ ಮೆಲ್ಲಗೆ ಇಳಿಸಿ. ಮೊದಲು ‘ದೂರಾ ಆಗ್ತೈತೇ’ ಅಂತ ಬರೆದಿದ್ದೆ, ಮಾತ್ರೆ ಸರಿಹೋಗಿತ್ತು, ಆದ್ರೆ ‘ತೈ’ ಮೇಲೆ ಯಾರು ಆಲಾಪ ಮಾಡ್ತಾರೆ ಹೇಳಿ!

ಎರಡನೇ ಸಾಲಲ್ಲಿ ಒಂದು ಮಾತ್ರೆ ಜಾಸ್ತಿ ಇದೆ. ‘ಕೂಡಿ’ಯ ‘ಡಿ’ಯನ್ನು ಅರ್ಧ ನುಂಗಿ ‘ನನ್ನಾ’ಕ್ಕೆ ಹೋಗಿಬಿಡಿ, ತಬಲಾದವರಿಗೆ ಗೊತ್ತೇ ಆಗಲ್ಲ. ‘ಮೇನೆಯಾ’ ಮಾತ್ರ ‘ಡೋಲಿಯಾ’ ಇದ್ದ ಹಾಗೇ ಕೂತಿದೆ. ಮೂರನೇ ಸಾಲಲ್ಲಿ ‘ನಮ್ಮೋರ್’, ‘ಬೇರೇಯೋರ್’ ಅಂತ ಆಡುಮಾತಲ್ಲೇ ಹಾಡಿ, ದಯವಿಟ್ಟು ಅದನ್ನ ‘ನಮ್ಮವರು, ಬೇರೆಯವರು’ ಅಂತ ತಿದ್ದಬೇಡಿ, ತಾಳ ತಪ್ಪುತ್ತೆ.

‘ನಾಕು’ ಬಿಟ್ಟು ‘ಎಲ್ಲಾ ಬೋಯರು’ ಅಂತ ಹಾಕಿದ್ರೆ ಸುಲಭ ಅಲ್ವಾ ಅಂತ ಒಬ್ಬರು ಕೇಳಿದ್ರು. ಬೇಡ. ಮೇನೆ ಹೊರೋರೂ ನಾಲ್ವರು, ಚಟ್ಟ ಹೊರೋರೂ ನಾಲ್ವರು. ಮದುಮಗಳು ಗಂಡನ ಮನೆಗೆ ಹೊರಟಿದ್ದಾಳೋ, ಯಾರೋ ಈ ಲೋಕ ಬಿಟ್ಟೇ ಹೊರಟಿದ್ದಾರೋ ಅನ್ನೋದು ತಿಳಿಯದ ಹಾಗಿರೋದೇ ಈ ಹಾಡಿನ ಜೀವ. ಬರೆದವನು ಅವಧದ ನವಾಬ ವಾಜಿದ್ ಅಲಿ ಶಾ ಅಂತಾರೆ. 1856ರಲ್ಲಿ ಬ್ರಿಟಿಷರು ಅವನ ರಾಜ್ಯ ಕಿತ್ಕೊಂಡ್ರು, ಲಖನೌ ಬಿಟ್ಟು ಕಲ್ಕತ್ತಾದ ಮಟಿಯಾಬುರ್ಜ್‌ಗೆ ಹೋದವನು ಅಲ್ಲೇ ತೀರಿಕೊಂಡ. ಸೈಗಲ್ ಸಿನಿಮಾನೂ ಅದೇ ಕಲ್ಕತ್ತಾದ ನ್ಯೂ ಥಿಯೇಟರ್ಸ್‌ದು, ನೋಡಿ.

ಹಾಗಾಗಿ ಲಯ ಓಡಿಸಬೇಡಿ. ಮೊದಲ ಸಾಲು ಎರಡು ಸಲ, ಎರಡು ಮತ್ತು ಮೂರನೇದು ಒಟ್ಟಿಗೆ ಒಂದೇ ಸಲ, ಯಾಕಂದ್ರೆ ‘ಸಿಂಗರಿಸೆ’ ಅಲ್ಲಿ ಮಾತು ಮುಗಿದಿಲ್ಲ, ಮೂರನೇ ಸಾಲಿಗೆ ಕಾಯ್ತಾ ಇರುತ್ತೆ, ಅಲ್ಲಿ ಉಸಿರು ತಗೊಂಡ್ರೆ ಅರ್ಥ ಮುರಿಯುತ್ತೆ. ಕೊನೆಗೆ ಮೊದಲ ಸಾಲಿಗೆ ವಾಪಸ್. ಮುಂದಿನ ತಿಂಗಳ ಮದುವೆ ಮನೆಯಲ್ಲಿ ಇದನ್ನೇ ಹಾಡೋಣ ಅಂತ ಇದ್ದೀರಂತೆ, ನಾನಂತೂ ಒಪ್ಪಲ್ಲ, ಹೆಣ್ಣಿನ ಅಪ್ಪ ಕೂತಲ್ಲೇ ಅತ್ತುಬಿಡ್ತಾರೆ. ಅಲ್ಲಿಗೆ ಸೋಬಾನೆ ಪದ ಇಟ್ಕೊಳ್ಳಿ.